ಗಿಣ್ಣಿನ ಮುರಿತ: ನಿಲ್ಲುವಂಥದ್ದೋ, ಜಾರುವಂಥದ್ದೋ?

ಪಾದದ ಗಿಣ್ಣು ಮುರಿದಾಗ ಮೂಳೆಯಲ್ಲಿ ಎಷ್ಟು ದೊಡ್ಡ ಬಿರುಕು ಬಿಟ್ಟಿದೆ ಎಂಬುದರ ಮೇಲೆ ಚಿಕಿತ್ಸೆ ನಿರ್ಧಾರವಾಗುವುದಿಲ್ಲ. ಮೈಭಾರ ಬಿದ್ದಾಗ ಕೀಲು ತನ್ನ ಜಾಗದಲ್ಲೇ ನಿಲ್ಲುತ್ತದೆಯೇ ಎಂಬುದು ಮುಖ್ಯ. ನಿಲ್ಲುವುದಾದರೆ ಬೂಟು ಅಥವಾ ಪ್ಲಾಸ್ಟರ್ ಸಾಕು. ಜಾರುವುದಾದರೆ ಸಾಮಾನ್ಯವಾಗಿ ಪ್ಲೇಟು, ಸ್ಕ್ರೂ ಬೇಕಾಗುತ್ತವೆ.

ಮೊಣಕಾಲಿನಿಂದ ಕೆಳಕ್ಕೆ ಎರಡು ಮೂಳೆಗಳಿವೆ: ಭಾರ ಹೊರುವ ದಪ್ಪನೆಯ ಟಿಬಿಯಾ, ಅದರ ಹೊರಬದಿಗೆ ತೆಳ್ಳಗಿನ ಫಿಬುಲಾ. ಗಿಣ್ಣಿನ ಎರಡೂ ಬದಿ ಕೈಗೆ ಸಿಗುವ ಉಬ್ಬುಗಳು ಇವುಗಳದೇ ತುದಿಗಳು. ಇವೆರಡೂ ಸೇರಿ ಕಟ್ಟಿದ ಗೂಡಿನೊಳಗೆ ಟಾಲಸ್ ಎಂಬ ಪಾದದ ಮೂಳೆ ಕೂತಿರುತ್ತದೆ. ಗೂಡು ಅಗಲವಾಗದಂತೆ ಎರಡು ಕಡೆ ಲಿಗಮೆಂಟುಗಳ ಬಿಗಿತವಿದೆ. ಟಿಬಿಯಾ, ಫಿಬುಲಾಗಳನ್ನು ಕೀಲಿನ ತುಸು ಮೇಲೆ ಕಟ್ಟಿಹಾಕುವುದು ಸಿಂಡೆಸ್ಮೋಸಿಸ್. ಒಳಗಿಣ್ಣಿನಿಂದ ಟಾಲಸನ್ನು ಹಿಡಿದೆಳೆದು ಇಟ್ಟುಕೊಳ್ಳುವುದು ಡೆಲ್ಟಾಯ್ಡ್. ತೊಡಕು ಇರುವುದು ಇಲ್ಲೇ: ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಲಿಗಮೆಂಟು ಕಾಣುವುದಿಲ್ಲ. ಅದು ಹರಿದಿದೆಯೇ ಎಂಬುದನ್ನು ಫಿಬುಲಾ ಎಲ್ಲಿ ಮುರಿದಿದೆ, ಕೀಲಿನ ಸಂದು ಎಷ್ಟು ಅಗಲವಾಗಿದೆ ಎಂಬ ಎರಡು ಸುಳಿವುಗಳಿಂದ ಊಹಿಸಬೇಕು.

ಮೊದಲ ಸುಳಿವಿಗೆ ವೆಬರ್ ವರ್ಗೀಕರಣ ಎಂಬ ಹೆಸರಿದೆ. ಕೀಲಿನ ಮಟ್ಟಕ್ಕಿಂತ ಕೆಳಗೆ ಫಿಬುಲಾದ ತುದಿಯಷ್ಟೇ ಮುರಿದಿದ್ದರೆ ಅದು ಎ. ಸಿಂಡೆಸ್ಮೋಸಿಸ್ ಕೆಡದ ಕಾರಣ ಇದು ಸಾಮಾನ್ಯವಾಗಿ ಗಟ್ಟಿ ಮುರಿತ. ಒಳಗಿಣ್ಣೂ ಮುರಿದಿದ್ದರೆ ಮಾತ್ರ ಈ ಮಾತು ನಡೆಯದು. ಸಿಂಡೆಸ್ಮೋಸಿಸ್‌ಗಿಂತ ಮೇಲೆ ಮುರಿದಿದ್ದರೆ ಸಿ. ಇಲ್ಲಿ ಆ ಕಟ್ಟು ಹರಿದಿರುವ ಸಂಭವ ಹೆಚ್ಚು, ಹಾಗಾಗಿ ಬಹುಪಾಲು ಅಸ್ಥಿರ. ಇವೆರಡರ ನಡುವೆ, ಕೀಲಿನ ಮಟ್ಟದಲ್ಲೇ ಓರೆಯಾಗಿ ಮುರಿದದ್ದು ಬಿ. ಹೆಚ್ಚಾಗಿ ಕಾಣಸಿಗುವುದೂ ವೈದ್ಯರನ್ನು ಯೋಚನೆಗೆ ಹಚ್ಚುವುದೂ ಇದೇ, ಏಕೆಂದರೆ ಮುರಿತದ ಮಟ್ಟವೊಂದರಿಂದ ಇಲ್ಲಿ ಏನೂ ಇತ್ಯರ್ಥವಾಗುವುದಿಲ್ಲ.

ಆಗ ಎರಡನೆಯ ಸುಳಿವು ಬೇಕು. ಕಾಲನ್ನು ಸುಮಾರು 15ರಿಂದ 20 ಡಿಗ್ರಿ ಒಳಕ್ಕೆ ತಿರುಗಿಸಿ ತೆಗೆದ ಚಿತ್ರದಲ್ಲಿ ಟಾಲಸ್‌ನ ಸುತ್ತಲಿನ ಸಂದು ಒಂದೇ ಅಗಲದ ಕಪ್ಪು ಪಟ್ಟಿಯಂತೆ ಕಾಣಬೇಕು. ಒಳಗಿಣ್ಣಿಗೂ ಟಾಲಸ್‌ಗೂ ನಡುವಿನ ಸಂದು ಸಾಮಾನ್ಯವಾಗಿ 4 ಮಿಲಿಮೀಟರಿನೊಳಗಿದ್ದು, ಮೇಲಿನ ಸಂದಿಗೆ ಹೆಚ್ಚುಕಡಿಮೆ ಸಮನಾಗಿರುತ್ತದೆ. ಒಳಬದಿಯದು 5 ಮಿಲಿಮೀಟರ್ ದಾಟಿ, ಮೇಲಿನದಕ್ಕಿಂತ ಎದ್ದು ಕಾಣುವಷ್ಟು ಅಗಲವಾಗಿದ್ದರೆ ಟಾಲಸ್ ಹೊರಕ್ಕೆ ಸರಿದಿದೆ, ಡೆಲ್ಟಾಯ್ಡ್ ಹಿಡಿತ ಬಿಟ್ಟಿದೆ ಎಂದು ಅರ್ಥ. ಮಿಲಿಮೀಟರ್ ಲೆಕ್ಕಕ್ಕೆ ಇಷ್ಟು ತಲೆಕೆಡಿಸಿಕೊಳ್ಳಲು ಕಾರಣವಿದೆ. ಟಾಲಸ್ ಬರೀ 1 ಮಿಲಿಮೀಟರ್ ಹೊರಸರಿದರೂ ಮೂಳೆಗಳು ಒಂದಕ್ಕೊಂದು ತಾಗುವ ಜಾಗ ಸರಾಸರಿ ಶೇ. 42ರಷ್ಟು ಕುಗ್ಗುವುದನ್ನು 1976ರಲ್ಲಿ ರ‍್ಯಾಮ್ಸೆ ಮತ್ತು ಹ್ಯಾಮಿಲ್ಟನ್ ತೋರಿಸಿದ್ದರು. ಅಷ್ಟು ಚಿಕ್ಕ ಜಾಗದ ಮೇಲೆ ಮೈಭಾರವೆಲ್ಲ ಬಿದ್ದರೆ ಮೃದ್ವಸ್ಥಿ ಬೇಗ ಸವೆಯುತ್ತದೆ.

ಪಾಚಿ ಕಟ್ಟಿದ ಮೆಟ್ಟಿಲಲ್ಲಿ ಕಾಲು ತಿರುಚಿಕೊಂಡು ಬಿದ್ದ ಐವತ್ತರ ಮಹಿಳೆಯೊಬ್ಬರ ಚಿತ್ರವನ್ನು ಊಹಿಸಿಕೊಳ್ಳಬಹುದು. ಫಿಬುಲಾ ಕೀಲಿನ ಮಟ್ಟದಲ್ಲಿ ಓರೆಯಾಗಿ ಮುರಿದಿದೆ. ಒಳಸಂದು 3 ಮಿಲಿಮೀಟರ್, ಮೇಲಿನದೂ 3. ಆದರೆ ಒಳಗಿಣ್ಣು ಊದಿಕೊಂಡಿದೆ, ಮುಟ್ಟಿದರೆ ನೋವು. ನೋವೊಂದನ್ನೇ ನಂಬಿ ಡೆಲ್ಟಾಯ್ಡ್ ಪೂರ್ತಿ ಹರಿದಿದೆ ಎನ್ನಲಾಗದು. ಮಲಗಿದಾಗ ತೆಗೆದ ಚಿತ್ರ ಸರಿಯಿದೆ ಎಂಬುದೂ ಸಾಲದು, ಏಕೆಂದರೆ ಆಗ ಕೀಲಿನ ಮೇಲೆ ಭಾರವೇ ಇರಲಿಲ್ಲ. ಪೆಟ್ಟಾದ ಬದಿಗೆ ಮಲಗಿಸಿ, ಪಾದವನ್ನು ಮೇಜಿನಂಚಿಗೆ ಇಳಿಬಿಟ್ಟು ತೆಗೆಯುವ ಒತ್ತಡದ ಎಕ್ಸ್‌ರೇ ಇದೆ. ಅದರಲ್ಲಿ ಡೆಲ್ಟಾಯ್ಡ್ ಅರೆಬರೆ ಹರಿದಿದ್ದರೂ ಸಂದು ಅಗಲವಾಗಿ ಕಾಣುವುದುಂಟು. ಅದನ್ನೇ ನಂಬಿದರೆ ಬೇಡದ ಶಸ್ತ್ರಚಿಕಿತ್ಸೆಯಾಗಬಹುದು. ಬೂಟು ಹಾಕಿಸಿ, ಸುಮಾರು ಒಂದು ವಾರದ ಬಳಿಕ ನಿಲ್ಲಿಸಿ ಎಕ್ಸ್‌ರೇ ತೆಗೆಯುವುದು ಹೆಚ್ಚು ನಂಬಿಕೆಗೆ ಅರ್ಹ. ಆಗಲೂ ಸಂದು 3 ಮಿಲಿಮೀಟರೇ ಇದ್ದರೆ ಕೀಲು ಗಟ್ಟಿ, ಬೂಟಿನಲ್ಲೇ ನಡೆಯಬಹುದು. 6 ಆಗಿದ್ದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ.

ಅಳತೆಯೂ ಮೋಸ ಮಾಡಬಹುದು. ಪಾದದ ತುದಿ ಕೆಳಕ್ಕೆ ಬಾಗಿದ್ದಾಗ ಚಿತ್ರ ತೆಗೆದರೆ ಒಳಸಂದು ಇರುವುದಕ್ಕಿಂತ ಅಗಲವಾಗಿ ಕಾಣುತ್ತದೆ, ಏಕೆಂದರೆ ಟಾಲಸ್‌ನ ಹಿಂಭಾಗ ಮುಂಭಾಗಕ್ಕಿಂತ ಕಿರಿದು. ಪಾದ ಕಾಲಿಗೆ ನೇರ ಕೋನದಲ್ಲಿರಬೇಕು. ಅನುಮಾನವಿದ್ದರೆ ಇನ್ನೊಂದು ಕಾಲಿನ ಚಿತ್ರವನ್ನೂ ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು.

ಗಿಣ್ಣಿನ ಚಿತ್ರದಲ್ಲಿ ಸಂದು ಅಗಲವಾಗಿದ್ದು ಫಿಬುಲಾದಲ್ಲಿ ಬಿರುಕೇ ಕಾಣದಿದ್ದರೆ ಉಳುಕು ಎಂದು ಮನೆಗೆ ಕಳಿಸಬಾರದು. ಮೊಣಕಾಲಿನ ಹತ್ತಿರ, ಚಿತ್ರದ ಚೌಕಟ್ಟಿನಾಚೆ ಫಿಬುಲಾ ಮುರಿದಿರಬಹುದು. ಮೈಸನ್ಯೂವ್ ಮುರಿತ ಎಂಬ ಈ ಬಗೆಯಲ್ಲಿ ಸಿಂಡೆಸ್ಮೋಸಿಸ್ ಹರಿದಿರುತ್ತದೆ. ಮೊಣಕಾಲಿನವರೆಗೆ ಇಡೀ ಕಾಲಿನ ಎಕ್ಸ್‌ರೇ ತೆಗೆಸಿದರೆ ಮಾತ್ರ ಇದು ಕಣ್ಣಿಗೆ ಬೀಳುತ್ತದೆ.