ಜಾತಿ ಬದಲಾಗದಿದ್ದರೂ ಪ್ರಮಾಣಪತ್ರಕ್ಕೆ ಐದೇ ವರ್ಷ ಏಕೆ?

ವಿದ್ಯಾರ್ಥಿವೇತನದ ಅರ್ಜಿಗಳ ಜೊತೆ ನಮ್ಮ ಕಚೇರಿಗೆ ಬರುವ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳಲ್ಲಿ ಅವಧಿ ಮುಗಿದವು ಪ್ರತಿ ವರ್ಷವೂ ಇರುತ್ತವೆ. ಹೊಸದು ತನ್ನಿ ಎಂದರೆ ಪೋಷಕರು ಕೇಳುವ ಪ್ರಶ್ನೆಯೂ ಒಂದೇ: "ನಾವು ನಿನ್ನೆಯೂ ಮುಸ್ಲಿಮರು, ಇವತ್ತೂ ಮುಸ್ಲಿಮರು. ಜಾತಿಯ ಕಾಗದ ಹಳತಾಗುವುದು ಹೇಗೆ?" ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ತಿಳಿದಿದ್ದರೆ ಪ್ರಮಾಣಪತ್ರವನ್ನು ಯಾವಾಗ ಹೊಸದಾಗಿ ಮಾಡಿಸಬೇಕೆಂಬುದೂ ತಾನಾಗಿ ತಿಳಿಯುತ್ತದೆ.

ರಾಜ್ಯ ಸರ್ಕಾರದ 2002ರ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಮುಸ್ಲಿಮರು ಪ್ರವರ್ಗ 2ಬಿಯಲ್ಲಿದ್ದಾರೆ. ಈ ಪ್ರವರ್ಗಕ್ಕೆ ಶೇಕಡಾ 4ರ ಮೀಸಲಾತಿ ಇದೆ. ಆದರೆ 2ಬಿಗೆ ಸೇರಿದ ಮಾತ್ರಕ್ಕೆ ಮೀಸಲಾತಿ ಸಿಗುವುದಿಲ್ಲ. ಕುಟುಂಬವು ಕೆನೆಪದರಕ್ಕೆ ಸೇರಿರಬಾರದು, ಅಂದರೆ ಅದರ ವಾರ್ಷಿಕ ಆದಾಯ ಸರ್ಕಾರ ನಿಗದಿಪಡಿಸಿದ 8 ಲಕ್ಷ ರೂಪಾಯಿಯ ಮಿತಿಯನ್ನು ದಾಟಿರಬಾರದು. ಹಾಗಾಗಿ 2ಎ, 2ಬಿ, 3ಎ, 3ಬಿ ಪ್ರವರ್ಗದವರಿಗೆ ತಹಶೀಲ್ದಾರರು ಕೊಡುವ ‘ನಮೂನೆ ಎಫ್’ ಪ್ರಮಾಣಪತ್ರವು ಜಾತಿಯ ಜೊತೆಗೆ ಆದಾಯವನ್ನೂ ಹೇಳುತ್ತದೆ. ಜಾತಿ ಬದಲಾಗುವುದಿಲ್ಲ, ನಿಜ. ಆದಾಯ ಬದಲಾಗುತ್ತದೆ. ಒಂದೇ ಕಾಗದದಲ್ಲಿ ಎರಡೂ ಇರುವುದರಿಂದ ಬದಲಾಗುವ ಅಂಶಕ್ಕೆ ಇರುವ ಐದು ವರ್ಷದ ಗಡುವೇ ಇಡೀ ಕಾಗದಕ್ಕೂ ಅನ್ವಯಿಸುತ್ತದೆ.

ಅಕ್ಕಪಕ್ಕದವರ ಮಾತು ಕೇಳಿ ಗೊಂದಲವಾಗುವುದು ಇಲ್ಲಿಯೇ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ 1ರವರಿಗೆ ಕೆನೆಪದರದ ನಿಯಮವಿಲ್ಲ. ಆದ್ದರಿಂದ ಅವರ ಜಾತಿ ಪ್ರಮಾಣಪತ್ರ ಜೀವನಪರ್ಯಂತ ನಡೆಯುತ್ತದೆ. ನಮ್ಮಲ್ಲೇ ಪಿಂಜಾರ, ನದಾಫ್ ಕುಟುಂಬಗಳು ಪ್ರವರ್ಗ 1ರಲ್ಲಿವೆ. "ನಮ್ಮದು ಒಮ್ಮೆ ಮಾಡಿಸಿದರೆ ಮುಗಿಯಿತು" ಎಂದು ಅವರು ಹೇಳುವುದು ಜಾತಿಯ ಮಟ್ಟಿಗೆ ಸರಿ. ಆದರೆ ವಿದ್ಯಾರ್ಥಿವೇತನಕ್ಕೆ ಬೇಕಾಗುವ ಆದಾಯ ಪ್ರಮಾಣಪತ್ರಕ್ಕೆ ಅವರಿಗೂ ಐದೇ ವರ್ಷ.

ಇನ್ನೊಂದು ಸಂಶಯವೂ ಕೆಲವರಲ್ಲಿ ಉಳಿದಿದೆ. 2023ರ ಮಾರ್ಚ್‌ನಲ್ಲಿ ಅಂದಿನ ಸರ್ಕಾರ 2ಬಿ ಮೀಸಲಾತಿಯನ್ನು ತೆಗೆದು ಆದೇಶ ಹೊರಡಿಸಿತ್ತು. ವಿಷಯ ಸುಪ್ರೀಂ ಕೋರ್ಟ್ ಮುಂದೆ ಹೋದಾಗ, ಏಪ್ರಿಲ್‌ನಲ್ಲಿ, ಆ ಆದೇಶವನ್ನು ಜಾರಿಗೆ ತರುವುದಿಲ್ಲವೆಂದು ಸರ್ಕಾರ ಭರವಸೆ ಕೊಟ್ಟಿತು; ಹಳೆಯ ವ್ಯವಸ್ಥೆಯೇ ಮುಂದುವರಿಯಿತು. ಆದ್ದರಿಂದ 2ಬಿ ಪ್ರಮಾಣಪತ್ರ ತಿರಸ್ಕೃತವಾದರೆ ಮೀಸಲಾತಿಯೇ ರದ್ದಾಗಿದೆ ಎಂದುಕೊಂಡು ಸುಮ್ಮನಾಗಬೇಡಿ. ಮೊದಲು ಪ್ರಮಾಣಪತ್ರದ ದಿನಾಂಕ ನೋಡಿ.

ತೊಂದರೆ ಹೇಗೆ ಬರುತ್ತದೆಂದು ಒಂದು ಉದಾಹರಣೆಯಿಂದ ನೋಡೋಣ. ಉದಯಗಿರಿಯ ಆಟೋ ಚಾಲಕರೊಬ್ಬರು ಎಂಟನೇ ತರಗತಿಯ ಮಗಳಿಗಾಗಿ 2020ರ ಆಗಸ್ಟ್ 10ರಂದು ನಮೂನೆ ಎಫ್ ಪಡೆದರು ಎಂದಿಟ್ಟುಕೊಳ್ಳಿ. ಮಗಳು ಎಸ್‌ಎಸ್‌ಎಲ್‌ಸಿ ಮುಗಿಸಿದಳು, ಪಿಯುಸಿಗೆ ಸೇರಿದಳು. ಅದೇ ಕಾಗದ ನಡೆಯಿತು. 2025ರ ಆರಂಭದಲ್ಲಿ ಸಿಇಟಿಗೆ ಅರ್ಜಿ ಹಾಕುವಾಗಲೂ ಅದು ಚಾಲ್ತಿಯಲ್ಲಿತ್ತು. ಆಗಸ್ಟ್ ಎರಡನೇ ವಾರದಲ್ಲಿ ಐದು ವರ್ಷ ತುಂಬಿತು. ಕಾಲೇಜಿಗೆ ಸೇರಿದ ಮೇಲೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅದೇ ಸಂಖ್ಯೆಯನ್ನು ಹಾಕಿದರೆ ಅರ್ಜಿ ಮುಂದೆ ಹೋಗುವುದಿಲ್ಲ. "ಸಿಇಟಿಯವರು ಒಪ್ಪಿದ ಕಾಗದವನ್ನು ಇವರೇಕೆ ಒಪ್ಪುವುದಿಲ್ಲ?" ಎಂದು ತಂದೆ ಕೇಳುತ್ತಾರೆ. ಇಬ್ಬರೂ ನೋಡಿದ್ದು ಒಂದೇ ಕಾಗದ, ಆದರೆ ಬೇರೆ ಬೇರೆ ದಿನ.

ಈಗ ಪರಿಶೀಲನೆ ನಡೆಯುವುದು ಜೆರಾಕ್ಸ್ ಪ್ರತಿಯಿಂದಲ್ಲ. ಪ್ರಮಾಣಪತ್ರದ ಮೇಲಿರುವ, RD ಅಕ್ಷರಗಳಿಂದ ಆರಂಭವಾಗುವ ಸಂಖ್ಯೆಯನ್ನು ಹಾಕಿದ ಕೂಡಲೇ ಹೆಸರು, ಪ್ರವರ್ಗ, ಆದಾಯ ಎಲ್ಲವೂ ಕಂದಾಯ ಇಲಾಖೆಯ ದಾಖಲೆಯಿಂದ ನೇರವಾಗಿ ಬರುತ್ತವೆ. ಹೊಸ ಪ್ರಮಾಣಪತ್ರ ಮಾಡಿಸಿದಾಗ ಈ ಸಂಖ್ಯೆಯೂ ಹೊಸದಾಗುತ್ತದೆ. ಹೊಸ ಕಾಗದ ಕೈಯಲ್ಲಿಟ್ಟುಕೊಂಡು ಕಳೆದ ವರ್ಷದ ಹಳೆಯ ಸಂಖ್ಯೆಯನ್ನೇ ಅರ್ಜಿಯಲ್ಲಿ ಉಳಿಸಿದರೆ ಅದು ಹಳೆಯ ಪ್ರಮಾಣಪತ್ರ ಕೊಟ್ಟಂತೆಯೇ.

ಮೀಸಲಾತಿ ಕೇಳುವಾಗ ಆಗುವ ನಷ್ಟ ಇನ್ನೂ ದೊಡ್ಡದು, ಏಕೆಂದರೆ ಅದು ತಕ್ಷಣ ಕಣ್ಣಿಗೆ ಬೀಳುವುದಿಲ್ಲ. 2ಬಿ ಪ್ರಮಾಣಪತ್ರ ಒಪ್ಪಿಗೆಯಾಗದಿದ್ದರೆ ಇಡೀ ಅರ್ಜಿ ರದ್ದಾಗುವುದಿಲ್ಲ. ಅಭ್ಯರ್ಥಿಯನ್ನು ಸಾಮಾನ್ಯ ಅರ್ಹತೆಯಲ್ಲಿ ಪರಿಗಣಿಸುತ್ತಾರೆ. ಸೀಟು ಹಂಚಿಕೆಯಾದ ಮೇಲೆ "ಇದೇ ರ‍್ಯಾಂಕಿಗೆ ಬೇರೆಯವರಿಗೆ ಸಿಕ್ಕಿತು, ನಮಗೇಕಿಲ್ಲ?" ಎಂದು ಹುಡುಕಿದಾಗ ಕಾರಣ ತಿಳಿಯುತ್ತದೆ. ಅರ್ಜಿಯ ಮುದ್ರಿತ ಪ್ರತಿಯಲ್ಲಿ ಮತ್ತು ಪರಿಶೀಲನೆಯ ನಂತರದ ಪ್ರತಿಯಲ್ಲಿ ಪ್ರವರ್ಗದ ಕಾಲಂ ನೋಡಿ. ಅಲ್ಲಿ 2ಬಿ ಬದಲು ಜಿಎಂ ಎಂದಿದ್ದರೆ ತಿದ್ದುಪಡಿಗೆ ಅವಕಾಶವಿರುವ ದಿನಗಳಲ್ಲೇ ಕೇಳಬೇಕು. ಸರ್ಕಾರಿ ನೌಕರಿಯ ಅರ್ಜಿಗಳಲ್ಲಿ ನಿಯಮ ಇನ್ನೂ ಬಿಗಿ. ಲೋಕಸೇವಾ ಆಯೋಗದ ಅಧಿಸೂಚನೆಗಳ ಪ್ರಕಾರ, ಅರ್ಜಿ ಸಲ್ಲಿಸುವ ಕೊನೆಯ ದಿನಾಂಕದೊಳಗೆ ಪಡೆದ, ಆ ದಿನ ಚಾಲ್ತಿಯಲ್ಲಿರುವ ಪ್ರಮಾಣಪತ್ರವೇ ಬೇಕು. ಕೊನೆಯ ದಿನದ ನಂತರ ಮಾಡಿಸಿದ ಹೊಚ್ಚ ಹೊಸ ಪ್ರಮಾಣಪತ್ರವೂ ಉಪಯೋಗಕ್ಕೆ ಬರುವುದಿಲ್ಲ.

ಹಳೆಯ ಪ್ರಮಾಣಪತ್ರದಲ್ಲಿ ದಿನಾಂಕವೊಂದೇ ಹಳತಲ್ಲ. ಮಗು ಚಿಕ್ಕದಿದ್ದಾಗ ಮಾಡಿಸಿದ ಕಾಗದದಲ್ಲಿ ಹೆಸರು ‘ಮಹಮ್ಮದ್’ ಎಂದಿದ್ದು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮತ್ತು ಆಧಾರ್‌ನಲ್ಲಿ ‘ಎಂ.ಡಿ.’ ಎಂದಿರಬಹುದು, ಒಂದರಲ್ಲಿ ‘ಬಾನು’ ಇದ್ದು ಇನ್ನೊಂದರಲ್ಲಿ ಇಲ್ಲದಿರಬಹುದು. ಆದಾಯವೂ ಹಾಗೆಯೇ. ದುಡಿಯುತ್ತಿದ್ದ ತಂದೆ ತೀರಿಕೊಂಡಿದ್ದರೂ ಹಳೆಯ ಕಾಗದ ಅವರ ಕಾಲದ ಆದಾಯವನ್ನೇ ತೋರಿಸುತ್ತದೆ. 8 ಲಕ್ಷದ ಮಿತಿ ಮೀಸಲಾತಿಗೆ ಮಾತ್ರ. ವಿದ್ಯಾರ್ಥಿವೇತನಗಳ ಮಿತಿ ಅದಕ್ಕಿಂತ ಬಹಳ ಕಡಿಮೆ ಇರುತ್ತದೆ. ಅಲ್ಪಸಂಖ್ಯಾತರ ಮೆಟ್ರಿಕ್ ನಂತರದ ಕೇಂದ್ರ ಯೋಜನೆಯಲ್ಲಿ ಅದು 2 ಲಕ್ಷವಿತ್ತು. ಇಂಥ ಕುಟುಂಬಗಳು ಐದು ವರ್ಷ ತುಂಬುವುದನ್ನು ಕಾಯದೆ ಈಗಿನ ಆದಾಯದ ಆಧಾರದ ಮೇಲೆ ಹೊಸ ಅರ್ಜಿ ಹಾಕುವುದು ಒಳ್ಳೆಯದು.

ಅರ್ಜಿಯನ್ನು ನಾಡಕಚೇರಿಯಲ್ಲಿ ಅಥವಾ nadakacheri.karnataka.gov.in ಜಾಲತಾಣದಲ್ಲಿ ಹಾಕಬಹುದು. ಮೈಸೂರು ನಗರದವರಿಗೆ ತಾಲ್ಲೂಕು ಕಚೇರಿ ನಜರ್‌ಬಾದ್‌ನ ಮಿನಿ ವಿಧಾನಸೌಧದಲ್ಲಿದೆ. ಗ್ರಾಮ ಆಡಳಿತ ಅಧಿಕಾರಿ ಮತ್ತು ಕಂದಾಯ ನಿರೀಕ್ಷಕರ ಪರಿಶೀಲನೆ ಮುಗಿಯಲು ಮೂರು ವಾರ ಹಿಡಿಯಬಹುದು. ಫಲಿತಾಂಶ ಬಂದ ಮೇಲೆ ಎಲ್ಲರೂ ಒಟ್ಟಿಗೆ ಬರುವುದರಿಂದ ಮೇ, ಜೂನ್‌ವರೆಗೆ ಕಾಯಬೇಡಿ. ಮಗು ಹತ್ತನೇ ತರಗತಿ ಅಥವಾ ದ್ವಿತೀಯ ಪಿಯುಸಿಯಲ್ಲಿದ್ದರೆ ಡಿಸೆಂಬರ್‌ನಲ್ಲೇ ಪ್ರಮಾಣಪತ್ರ ತೆಗೆದು, ಮುಂದಿನ ವರ್ಷದ ಕೊನೆಯವರೆಗೆ ಅವಧಿ ಇದೆಯೇ ಎಂದು ಎಣಿಸಿ. ಪ್ರಮಾಣಪತ್ರ ವಿದ್ಯಾರ್ಥಿಯ ಹೆಸರಿನಲ್ಲೇ ಇರಲಿ. ಕೈಗೆ ಬಂದ ಕೂಡಲೇ ಹೆಸರು, ತಂದೆಯ ಹೆಸರು, ಪ್ರವರ್ಗ, ಆದಾಯ ಈ ನಾಲ್ಕನ್ನೂ ಅಂಕಪಟ್ಟಿ ಮತ್ತು ಆಧಾರ್ ಪಕ್ಕದಲ್ಲಿಟ್ಟು ಓದಿ.

ದಾನಿಗಳಿಗೂ ಈ ವಿಷಯ ಸಂಬಂಧಿಸಿದ್ದೇ. ದಿನಾಂಕದ ಕಾರಣಕ್ಕೆ ಸರ್ಕಾರದ ವಿದ್ಯಾರ್ಥಿವೇತನ ತಪ್ಪಿದ ಮಗುವಿನ ಶುಲ್ಕ ಕೊನೆಗೆ ತಮ್ಮ ಜಕಾತ್ ಮತ್ತು ದೇಣಿಗೆಯ ಹಣದಿಂದಲೇ ಹೋಗುತ್ತದೆ. ಅದೇ ಮೊತ್ತ ಬೇರೆ ಯಾವ ನೆರವೂ ಸಿಗದ ಇನ್ನೊಂದು ಮಗುವಿಗೆ ಆಗಬಹುದಿತ್ತು. ಆದ್ದರಿಂದ ಟ್ರಸ್ಟ್‌ನ ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸುವವರು ಚಾಲ್ತಿಯಲ್ಲಿರುವ ಪ್ರಮಾಣಪತ್ರದ ಪ್ರತಿಯನ್ನು ಲಗತ್ತಿಸಬೇಕು. ಅವಧಿ ಮುಗಿದಿದ್ದರೆ ನಾಡಕಚೇರಿಗೆ ಹೊಸ ಅರ್ಜಿ ಹಾಕಿದ ಸ್ವೀಕೃತಿ ಚೀಟಿಯನ್ನಾದರೂ ಜೊತೆಗಿಡಬೇಕೆಂದು ಕೋರುತ್ತೇವೆ.