ಆರ್ಡರ್ ಪಟ್ಟಿಯಲ್ಲಿ 1000, ಅನಲಿಟಿಕ್ಸ್‌ನಲ್ಲಿ 760: ನಡುವಿನವು ಎಲ್ಲಿ ಹೋದವು?

ಅಂತರ್ಜಾಲದಲ್ಲಿ ಏನನ್ನಾದರೂ ಮಾರುವವರ ಮುಂದೆ ತಿಂಗಳ ಕೊನೆಗೆ ಎರಡು ಅಂಕಿಗಳಿರುತ್ತವೆ. ಮಳಿಗೆಯ ಸ್ವಂತ ಆರ್ಡರ್ ಪಟ್ಟಿ ಹೇಳುವುದು ಒಂದು, ಗೂಗಲ್ ಅನಲಿಟಿಕ್ಸ್‌ನಂಥ ಸಾಧನ ಹೇಳುವುದು ಇನ್ನೊಂದು. ಎರಡೂ ಅದೇ ಮಾರಾಟದ ಲೆಕ್ಕವಾದರೂ ತಾಳೆಯಾಗುವುದು ಅಪರೂಪ. ಯಾವ ಜಾಹೀರಾತಿಗೆ ಹಣ ಹಾಕಬೇಕು, ಯಾವುದನ್ನು ನಿಲ್ಲಿಸಬೇಕು ಎಂದು ತೀರ್ಮಾನಿಸುವಾಗ ಎಲ್ಲರೂ ನೋಡುವುದು ಎರಡನೆಯ ಅಂಕಿಯನ್ನೇ. ಹಾಗಾಗಿ ಅದರಲ್ಲಿ ಎಷ್ಟು ಕಡಿಮೆ ಬೀಳುತ್ತಿದೆ, ಯಾಕೆ ಬೀಳುತ್ತಿದೆ ಎಂಬುದನ್ನು ಊಹೆಗೆ ಬಿಡುವಂತಿಲ್ಲ.

ಲೆಕ್ಕ ತಪ್ಪುವುದು ಎಲ್ಲಿ ಎಂದು ತಿಳಿಯಲು, ಅದು ಸರಿಯಾಗಿ ನಡೆದಾಗ ಏನಾಗುತ್ತದೆ ಎಂದು ಮೊದಲು ನೋಡೋಣ. ಗ್ರಾಹಕರು ಹಣ ಕಟ್ಟಿದ ಮೇಲೆ ‘ಧನ್ಯವಾದ, ನಿಮ್ಮ ಆರ್ಡರ್ ಬಂದಿದೆ’ ಎಂಬ ಪುಟ ತೆರೆದುಕೊಳ್ಳುತ್ತದೆ. ಆ ಪುಟದೊಳಗಿನ ಪುಟ್ಟ ಸ್ಕ್ರಿಪ್ಟ್ ಗ್ರಾಹಕರ ಬ್ರೌಸರ್‌ನಲ್ಲೇ ಓಡಿ, ಇಂಥ ಸಂಖ್ಯೆಯ ಆರ್ಡರ್ ಆಯಿತು ಎಂಬ ಸಂದೇಶವನ್ನು ಗೂಗಲ್‌ಗೋ ಮೆಟಾಗೋ ಕಳಿಸುತ್ತದೆ. ಕನ್ವರ್ಷನ್ ಎಂದು ಎಣಿಕೆಯಾಗುವುದು ಆ ಸಂದೇಶ. ಅಂದರೆ ಮಾರಾಟವಾಯಿತೆಂದು ವರದಿ ಮಾಡುವುದು ಮಳಿಗೆಯಲ್ಲ, ಗ್ರಾಹಕರ ಫೋನು ಅಥವಾ ಕಂಪ್ಯೂಟರು. ಅದು ಸುಮ್ಮನಿದ್ದರೆ ಮಾರಾಟ ನಡೆದರೂ ಎಣಿಕೆ ನಡೆಯುವುದಿಲ್ಲ.

ಆ್ಯಡ್ ಬ್ಲಾಕರ್ ಮಾಡುವುದು ಇದನ್ನೇ. ಯಾವ ವಿಳಾಸಗಳಿಗೆ ಬ್ರೌಸರ್ ಮಾತಾಡಬಾರದು ಎಂಬ ಪಟ್ಟಿಗಳು ಅದರ ಬಳಿ ಇರುತ್ತವೆ. ಅಂಥ ಪಟ್ಟಿಗಳಲ್ಲಿ ಈಸಿಪ್ರೈವಸಿ ಎಂಬುದು ಹೆಸರಾದದ್ದು. ಅನಲಿಟಿಕ್ಸ್‌ನ ವಿಳಾಸಗಳು ಅದರಲ್ಲಿವೆ. ಯುಬ್ಲಾಕ್ ಒರಿಜಿನ್ ಹಾಕಿಕೊಂಡವರಿಗೆ ಈ ಪಟ್ಟಿ ಮೊದಲಿನಿಂದಲೇ ಚಾಲೂ ಇರುತ್ತದೆ. ಬ್ರೇವ್ ಬ್ರೌಸರ್ ತಾನಾಗಿಯೇ ಇಂಥವನ್ನು ತಡೆಯುತ್ತದೆ. ಇನ್ನು ಕೆಲವು ಬ್ಲಾಕರ್‌ಗಳು ಜಾಹೀರಾತನ್ನು ಮರೆಮಾಡುತ್ತವೆಯೇ ಹೊರತು, ಬಳಕೆದಾರರು ಹೇಳದ ಹೊರತು ಎಣಿಕೆಯ ಸಂದೇಶವನ್ನು ಮುಟ್ಟುವುದಿಲ್ಲ. ಆದ್ದರಿಂದ ಇಷ್ಟು ಶೇಕಡಾ ಜನ ಬ್ಲಾಕರ್ ಬಳಸುತ್ತಾರೆ ಎಂಬ ಸಮೀಕ್ಷೆಯ ಅಂಕಿಯನ್ನು ತಂದು ನಮ್ಮ ಲೆಕ್ಕದ ಕೊರತೆಯೂ ಅಷ್ಟೇ ಎನ್ನಲಾಗದು. ನಮ್ಮ ಕೊರತೆಯನ್ನು ನಮ್ಮ ಆರ್ಡರ್‌ಗಳಿಂದಲೇ ಅಳೆಯಬೇಕು.

ಭಾರತದಲ್ಲಿ ಇನ್ನೊಂದು ಸೋರಿಕೆ ಇದೆ, ಅದಕ್ಕೂ ಬ್ಲಾಕರ್‌ಗೂ ಸಂಬಂಧವಿಲ್ಲ. ಮೊಬೈಲಿನಲ್ಲಿ ಯುಪಿಐ ಆಯ್ದುಕೊಂಡರೆ ಬ್ರೌಸರ್‌ನಿಂದ ಯುಪಿಐ ಆ್ಯಪ್‌ಗೆ ಜಿಗಿಯುತ್ತೇವೆ. ಪಿನ್ ಒತ್ತಿ, ಹಣ ಹೋಯಿತೆಂಬ ಹಸಿರು ಗುರುತು ಕಂಡೊಡನೆ ಎಷ್ಟೋ ಜನ ಫೋನು ಕೆಳಗಿಡುತ್ತಾರೆ. ಬ್ರೌಸರ್‌ಗೆ ಮರಳದಿದ್ದರೆ ಧನ್ಯವಾದದ ಪುಟ ತೆರೆಯುವುದಿಲ್ಲ, ಸ್ಕ್ರಿಪ್ಟ್ ಓಡುವುದಿಲ್ಲ. ಹಣವಂತೂ ಬಂದಿರುತ್ತದೆ, ಪೇಮೆಂಟ್ ಗೇಟ್‌ವೇ ಆ ಸುದ್ದಿಯನ್ನು ಮಳಿಗೆಯ ಸರ್ವರ್‌ಗೆ ನೇರವಾಗಿ ತಿಳಿಸಿರುತ್ತದೆ. ಈ ನಷ್ಟವನ್ನೂ ಬ್ಲಾಕರ್‌ನ ತಲೆಗೆ ಕಟ್ಟಿದರೆ ಪರಿಹಾರವೂ ತಪ್ಪುತ್ತದೆ.

ಚಿಕ್ಕಮಗಳೂರಿನಿಂದ ಕಾಫಿಪುಡಿ ಮಾರುವ ಒಂದು ಜಾಲತಾಣವಿದೆ ಎಂದು ಕಲ್ಪಿಸಿಕೊಂಡು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗಾಗಿ ಮಾಡಿಕೊಂಡವು, ವಿಧಾನ ನಿಜದ್ದು. ಒಂದು ತಿಂಗಳಲ್ಲಿ ಆರ್ಡರ್ ಪಟ್ಟಿ ತೋರಿಸುವುದು 1000. ಅನಲಿಟಿಕ್ಸ್ ತೋರಿಸುವುದು 760. ಕಳೆದುಬಿಟ್ಟು ಶೇಕಡಾ 24 ಕೊರತೆ ಎಂದು ಬರೆದುಕೊಳ್ಳುವುದು ಸುಲಭ, ಆದರೆ ಅದು ತಪ್ಪು. ಆ ಸಾವಿರದಲ್ಲಿ 60 ಆರ್ಡರ್‌ಗಳು ವಾಟ್ಸ್ಆ್ಯಪ್‌ನಲ್ಲಿ ಬಂದು, ಸಿಬ್ಬಂದಿ ಕೈಯಾರೆ ನಮೂದಿಸಿದವು. 20 ಆರ್ಡರ್‌ಗಳು ಪರೀಕ್ಷೆಗೆಂದು ಹಾಕಿದವು. ಇವುಗಳಿಗೆ ಗ್ರಾಹಕರ ಬ್ರೌಸರ್ ಸಾಕ್ಷಿಯಾಗುವ ಪ್ರಶ್ನೆಯೇ ಇಲ್ಲ. ಉಳಿದದ್ದು 920. ಆ ಕಡೆಯ 760ರಲ್ಲೂ ಪರೀಕ್ಷೆಯ ಆರ್ಡರ್‌ಗಳು, ಹಣ ಬಾರದೆ ಬಿದ್ದುಹೋದವು ಸೇರಿ 24 ಇವೆ.

ಆದ್ದರಿಂದ ಮೊತ್ತದೆದುರು ಮೊತ್ತ ಇಡದೆ, ಆರ್ಡರ್‌ಗೆ ಆರ್ಡರ್ ಹೊಂದಿಸಬೇಕು. ಅನಲಿಟಿಕ್ಸ್‌ನಲ್ಲಿ ಪ್ರತಿ ಖರೀದಿಯ ಜೊತೆ `transaction_id` ಎಂಬ ಸಂಖ್ಯೆ ಇರುತ್ತದೆ. ಮಳಿಗೆಯ ಆರ್ಡರ್ ಸಂಖ್ಯೆಯನ್ನೇ ಅಲ್ಲಿಗೆ ಕಳಿಸಿದ್ದರೆ ಎರಡೂ ಪಟ್ಟಿಗಳನ್ನು ಸ್ಪ್ರೆಡ್‌ಶೀಟ್‌ಗೆ ಇಳಿಸಿ, ಪ್ರತಿ ಆರ್ಡರ್ ಆ ಕಡೆ ಇದೆಯೇ ಇಲ್ಲವೇ ಎಂದು ಗುರುತು ಹಾಕಬಹುದು. ಎರಡೂ ಕಡೆ ಒಂದೇ ಕಾಲವಲಯ ಇರಲಿ. ಅನಲಿಟಿಕ್ಸ್‌ಗೆ ಅಂಕಿಗಳು ತಡವಾಗಿ ಸೇರುವುದರಿಂದ ತಿಂಗಳು ಮುಗಿದು ಎರಡು ಮೂರು ದಿನ ಕಳೆದ ಮೇಲೆ ಇಳಿಸಿಕೊಳ್ಳಿ. ನಮ್ಮ ಮಳಿಗೆಯಲ್ಲಿ 920ರ ಪೈಕಿ 736 ಆರ್ಡರ್‌ಗಳು ಎರಡೂ ಕಡೆ ಸಿಕ್ಕವು ಎನ್ನಿ:

```
736 / 920 = 0.80
```

ಕಾಣದೆ ಹೋದವು 184, ಅಂದರೆ ಶೇಕಡಾ 20. ಇಷ್ಟು ಆರ್ಡರ್‌ಗಳಲ್ಲಿ ಈ ಶೇಕಡಾವಾರು ಕೇವಲ ಆಕಸ್ಮಿಕವಾಗಿ ಎರಡೂವರೆ ಅಂಶದಷ್ಟು ಮೇಲೆ ಕೆಳಗೆ ಆಗಬಹುದು. ಮುಂದಿನ ತಿಂಗಳು 21 ಬಂದರೆ ಏನೋ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ.

ಈಗ 184ನ್ನು ಬಿಡಿಸೋಣ. ಯಾವ ಸಾಧನ, ಯಾವ ಪಾವತಿ ಎಂಬ ಮಾಹಿತಿಯನ್ನು ಆರ್ಡರ್ ಪಟ್ಟಿಯಿಂದಲೇ ತೆಗೆದುಕೊಳ್ಳಬೇಕು, ಏಕೆಂದರೆ ತಪ್ಪಿಸಿಕೊಂಡ ಆರ್ಡರ್‌ಗಳ ಸುಳಿವು ಅನಲಿಟಿಕ್ಸ್‌ನಲ್ಲಿ ಇರುವುದಿಲ್ಲ. ಕಂಪ್ಯೂಟರಿನಿಂದ ಬಂದ ಆರ್ಡರ್ 230, ಕಾಣಿಸಿದ್ದು 161. ಮೊಬೈಲಿನಿಂದ ಬಂದದ್ದು 690, ಕಾಣಿಸಿದ್ದು 575. ಕಂಪ್ಯೂಟರಿನಲ್ಲಿ ಶೇಕಡಾ 30 ಕಳೆದಿದೆ. ಬ್ಲಾಕರ್ ಹಾಕಿಕೊಳ್ಳುವುದು ಅಲ್ಲಿ ಸುಲಭವಾದ್ದರಿಂದ ಇದರಲ್ಲಿ ಆಶ್ಚರ್ಯವಿಲ್ಲ.

ಹೆಚ್ಚು ತಿಳಿಸುವುದು ಮೊಬೈಲಿನ ಲೆಕ್ಕ. ಸರಕು ಕೈಸೇರಿದಾಗ ಹಣ ಕೊಡುವ ಆರ್ಡರ್‌ಗಳಲ್ಲಿ ಗ್ರಾಹಕರು ಬ್ರೌಸರ್ ಬಿಟ್ಟು ಹೋಗುವುದಿಲ್ಲ, ಧನ್ಯವಾದದ ಪುಟ ಅಲ್ಲೇ ತೆರೆಯುತ್ತದೆ. ಅಂಥವು 300, ಕಾಣಿಸಿದ್ದು 275. ಕಳೆದದ್ದು ಶೇಕಡಾ 8ರಷ್ಟು. ಯುಪಿಐ ಆರ್ಡರ್ 390, ಕಾಣಿಸಿದ್ದು 300. ಕಳೆದದ್ದು ಶೇಕಡಾ 23. ಎರಡೂ ಗುಂಪಿನವರ ಬ್ರೌಸರ್‌ಗಳು ಹೆಚ್ಚುಕಡಿಮೆ ಒಂದೇ ಬಗೆಯವು ಎಂದುಕೊಂಡರೆ, ಯುಪಿಐ ಗುಂಪಿನಲ್ಲಿ ಬ್ಲಾಕರ್ ಮತ್ತಿತರ ಕಾರಣಗಳಿಂದ ಕಳೆಯಬೇಕಿದ್ದದ್ದು ಸುಮಾರು 32. ನಿಜವಾಗಿ ಕಳೆದದ್ದು 90. ನಡುವಿನ 58ರಷ್ಟು ಆರ್ಡರ್‌ಗಳನ್ನು ನುಂಗಿದ್ದು ಬ್ಲಾಕರ್ ಅಲ್ಲ, ಬ್ರೌಸರ್‌ಗೆ ಮರಳದ ಹಾದಿ. ಒಟ್ಟು ಕೊರತೆಯ ಮೂರನೇ ಒಂದು ಭಾಗ ಇದರದ್ದೇ. ಗೇಟ್‌ವೇ ಕಳಿಸುವ ಸಂದೇಶದ ಆಧಾರದ ಮೇಲೆ ಎಣಿಸಿದರೆ ಈ ಭಾಗ ಮುಚ್ಚಿಹೋಗುತ್ತದೆ.

ಸರ್ವರ್ ಮೂಲಕ ಎಣಿಸುವುದು ಎನ್ನುವಾಗ ಎರಡು ಬೇರೆ ಬೇರೆ ಏರ್ಪಾಡುಗಳನ್ನು ಜನ ಒಂದೇ ಎಂದು ಭಾವಿಸುತ್ತಾರೆ. ಮೊದಲನೆಯದರಲ್ಲಿ ಸಂದೇಶ ಹುಟ್ಟುವುದು ಈಗಲೂ ಗ್ರಾಹಕರ ಬ್ರೌಸರ್‌ನಲ್ಲೇ. ಅದು ನೇರ ಗೂಗಲ್‌ಗೆ ಹೋಗುವ ಬದಲು ಮಳಿಗೆಯದೇ ಒಂದು ಉಪವಿಳಾಸಕ್ಕೆ ಬಂದು, ಅಲ್ಲಿಂದ ಮುಂದೆ ಹೋಗುತ್ತದೆ. ಬ್ಲಾಕರ್ ಮೂಲ ಸ್ಕ್ರಿಪ್ಟನ್ನೇ ತಡೆದಿದ್ದರೆ ಅಥವಾ ಗ್ರಾಹಕರು ಆ ಪುಟಕ್ಕೆ ಮರಳದಿದ್ದರೆ ಇದರಿಂದ ಏನೂ ಸಿಗುವುದಿಲ್ಲ. ಎರಡನೆಯದರಲ್ಲಿ ಆರ್ಡರ್ ಪಕ್ಕಾ ಆದ ಕ್ಷಣ ಮಳಿಗೆಯ ಸರ್ವರ್ ತಾನೇ ಸಂದೇಶ ಕಳಿಸುತ್ತದೆ. ಎಣಿಕೆ 920ಕ್ಕೆ ಏರುವುದು ಇದರಲ್ಲಿ. ಆದರೆ ಆರ್ಡರ್ ಎಣಿಕೆಯಾಗುವುದೇ ಬೇರೆ, ಅದು ಯಾವ ಜಾಹೀರಾತಿನಿಂದ ಬಂತೆಂದು ತಿಳಿಯುವುದೇ ಬೇರೆ. ಬ್ರೌಸರ್ ಯಾವ ಗುರುತನ್ನೂ ಕೊಡದಿದ್ದಲ್ಲಿ ಆ ಆರ್ಡರ್ ಮೂಲವಿಲ್ಲದ್ದಾಗಿ ಪಟ್ಟಿಗೆ ಸೇರುತ್ತದೆ.

ಈ ಬದಲಾವಣೆ ಮಾಡಿದ ತಿಂಗಳು ಎರಡು ಭ್ರಮೆಗಳು ಹುಟ್ಟುತ್ತವೆ. ಬ್ಲಾಕರ್ ಇರುವವರ ಖರೀದಿ ಕಾಣದ ಹಾಗೆಯೇ ಅವರ ಭೇಟಿಯೂ ಅನಲಿಟಿಕ್ಸ್‌ಗೆ ಕಾಣುವುದಿಲ್ಲ. ಕಂಡ ಭೇಟಿಗಳು 40,000 ಎಂದರೆ, 736 ಖರೀದಿಗೆ ಕನ್ವರ್ಷನ್ ದರ ಶೇಕಡಾ 1.84. ಖರೀದಿಯನ್ನಷ್ಟೇ ಸರ್ವರ್‌ಗೆ ಬದಲಿಸಿ, ಭೇಟಿಯನ್ನು ಹಳೆಯ ದಾರಿಯಲ್ಲೇ ಎಣಿಸಿದರೆ 920ಕ್ಕೆ ದರ 2.3 ಆಗುತ್ತದೆ. ಒಂದು ಪೊಟ್ಟಣ ಕಾಫಿಪುಡಿಯೂ ಹೆಚ್ಚಾಗಿ ಮಾರಿಲ್ಲ, ದರ ಮಾತ್ರ ಕಾಲುಭಾಗ ಏರಿತು. ಇದನ್ನು ಹೊಸ ವಿನ್ಯಾಸದ ಅಥವಾ ಹೊಸ ಜಾಹೀರಾತಿನ ಗೆಲುವು ಎಂದು ಎಣಿಸಬಾರದು. ಬದಲಿಸಿದ ದಿನಾಂಕವನ್ನು ಬರೆದಿಟ್ಟುಕೊಂಡು, ಅದರ ಹಿಂದಿನ ಮುಂದಿನ ದರಗಳನ್ನು ಹೋಲಿಸದಿರುವುದೇ ಸರಿ.

ಎರಡನೆಯದು ಇಮ್ಮಡಿ ಎಣಿಕೆ. ಮೆಟಾದಲ್ಲಿ ಬ್ರೌಸರ್ ಮತ್ತು ಸರ್ವರ್ ಎರಡೂ ಕಡೆಯಿಂದ ಒಂದೇ ಖರೀದಿಯ ಸುದ್ದಿ ಕಳಿಸುವುದು ರೂಢಿ. ಎರಡರಲ್ಲೂ ಘಟನೆಯ ಹೆಸರು ಮತ್ತು `event_id` ಒಂದೇ ಇದ್ದರೆ, 48 ಗಂಟೆಯೊಳಗೆ ಬಂದದ್ದನ್ನು ಅದು ಒಂದಾಗಿಯೇ ಎಣಿಸುತ್ತದೆ. ಒಂದು ಕಡೆ `1042`, ಇನ್ನೊಂದು ಕಡೆ `order_1042` ಎಂದು ಹೋದರೆ ಎರಡು ಖರೀದಿಗಳಾಗುತ್ತವೆ. ಪತ್ತೆಗೆ ಒಂದು ದಾರಿ: ಅಲ್ಲಿಗೆ ತಲುಪಿದ ಖರೀದಿಗಳ ಮೊತ್ತ ಆರ್ಡರ್ ಪಟ್ಟಿಯ ಮೊತ್ತವನ್ನು ಮೀರಿದರೆ ಸಂಖ್ಯೆಗಳು ಹೊಂದುತ್ತಿಲ್ಲ ಎಂದೇ ಅರ್ಥ. ಮೀರದಿದ್ದ ಮಾತ್ರಕ್ಕೆ ಎಲ್ಲವೂ ಸರಿಯಿದೆ ಎನ್ನಲಾಗದು. ಕೊರತೆ ಮತ್ತು ಇಮ್ಮಡಿ ಒಂದನ್ನೊಂದು ಮುಚ್ಚಿಹಾಕಿರಬಹುದು.

ಸರ್ವರ್ ಏರ್ಪಾಡಿಗೆ ಕೈಹಾಕದವರು ಅನಲಿಟಿಕ್ಸ್‌ನ ಅಂಕಿಯನ್ನೇ ತಿದ್ದಿಕೊಳ್ಳಬಹುದು. ಕಾಣುವುದು ಶೇಕಡಾ 80 ಎಂದಾದರೆ, ಹೊಂದಾಣಿಕೆಯಾದ ಸಂಖ್ಯೆಯನ್ನು 1.25ರಿಂದ ಗುಣಿಸಿದರೆ ನಿಜದ ಹತ್ತಿರ ಬರುತ್ತದೆ. ಇದು ಇಡೀ ಮಳಿಗೆಗೆ ಸರಿ, ಪ್ರತಿ ಜಾಹೀರಾತಿಗೆ ಅಲ್ಲ. ಬ್ರೌಸರ್‌ನಲ್ಲಿ ಬ್ಲಾಕರ್ ಹಾಕಿದವರಿಗೆ ಗೂಗಲ್ ಹುಡುಕಾಟದ ಜಾಹೀರಾತು ಕಾಣುವುದೇ ಕಡಿಮೆ, ಕ್ಲಿಕ್ ಮಾಡಿ ಬರುವವರಲ್ಲಿ ಅಂಥವರು ಇನ್ನೂ ಕಡಿಮೆ. ಆ ಜಾಹೀರಾತಿನ ಲೆಕ್ಕಕ್ಕೂ 1.25 ಹಾಕಿದರೆ ಅದು ಮಾಡದ ಮಾರಾಟವನ್ನು ಅದರ ಹೆಸರಿಗೆ ಬರೆದಂತಾಗುತ್ತದೆ. ಸಾಧನ ಮತ್ತು ಪಾವತಿವಾರು ಗುಣಕಗಳನ್ನು ಬಳಸಿದರೆ ತಪ್ಪು ಕಡಿಮೆಯಾದೀತು, ಪೂರ್ತಿ ಹೋಗದು.

ಕೊನೆಗೆ, ಬ್ಲಾಕರ್ ಹಾಕಿಕೊಂಡವರು ತಮ್ಮ ಜಾಡು ಹಿಡಿಯಬೇಡಿ ಎಂದು ಹೇಳಿರುತ್ತಾರೆ. ಅವರ ಆರ್ಡರನ್ನು ಎಣಿಸಲು ಜಾಡು ಬೇಕಿಲ್ಲ, ಅದು ಮಳಿಗೆಯ ಪಟ್ಟಿಯಲ್ಲೇ ಇದೆ. ಅವರ ಫೋನ್ ಸಂಖ್ಯೆಯನ್ನೂ ಇಮೇಲನ್ನೂ ಗೂಢಾಕ್ಷರವಾಗಿಸಿ ಸರ್ವರ್‌ನ ಹಿಂಬಾಗಿಲಿನಿಂದ ಜಾಹೀರಾತು ಕಂಪನಿಗೆ ದಾಟಿಸುವುದು ಬೇರೆಯೇ ಕೆಲಸ, ಅದಕ್ಕೆ ಅವರ ಒಪ್ಪಿಗೆ ಬೇಕು. ವೈಯಕ್ತಿಕ ದತ್ತಾಂಶ ರಕ್ಷಣೆಗೆಂದು 2023ರಲ್ಲಿ ಬಂದ ಕಾಯ್ದೆಯೂ ಒಪ್ಪಿಗೆಯನ್ನೇ ನಡುವಿಗಿಟ್ಟಿದೆ. ಸರ್ವರ್ ಏರ್ಪಾಡನ್ನು ಮಾರಲು ಬಂದವರಿಗೆ ಹಣ ಕೊಡುವ ಮೊದಲು, ಕಳೆದ ತಿಂಗಳ ಆರ್ಡರ್‌ಗಳನ್ನು ಒಂದೊಂದಾಗಿ ಹೊಂದಿಸಿ ನೋಡಿ. ಕೊರತೆಯ ದೊಡ್ಡ ಪಾಲು ಯುಪಿಐ ಸಾಲಿನಲ್ಲಿ ಸಿಕ್ಕರೆ ನಿಮಗೆ ಬೇಕಿರುವುದು ಗೇಟ್‌ವೇಯ ಸಂದೇಶ ಮಾತ್ರ.