ಹೇಳಿದ್ದನ್ನು ತೋರಿಸುವಾಗ

ರೇಡಿಯೊ ನಾಟಕದ ಪಾತ್ರ ತನ್ನ ಕಣ್ಣಿಗೆ ಬಿದ್ದದ್ದನ್ನು ಬಾಯಿಬಿಟ್ಟು ಹೇಳಲೇಬೇಕು. ಶಬ್ದವಿಲ್ಲದ ವಸ್ತು ಹೇಳದೆ ಹೋದರೆ ಕೇಳುಗನ ಪಾಲಿಗೆ ಇಲ್ಲವೇ ಇಲ್ಲ. ಅದೇ ಸ್ಕ್ರಿಪ್ಟ್ ಕ್ಯಾಮೆರಾದ ಮುಂದೆ ಬಂದಾಗ ಏನು ಮಾಡಬೇಕು? ಉದಾಹರಣೆಗೆಂದೇ ಬರೆದ ಒಂದು ತುಣುಕು ಇಲ್ಲಿದೆ. ವರ್ಷಗಳ ಮೇಲೆ ಮನೆಗೆ ಬಂದ ತಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾನೆ.

"ಅಬ್ಬಾ, ಎಂಥ ಮಳೆ! ಮೈಯೆಲ್ಲ ತೊಯ್ದುಹೋಯ್ತು. ಅಮ್ಮನ ಮಣೆ ಇನ್ನೂ ಇಲ್ಲೇ ಇದೆಯಲ್ಲಕ್ಕಾ! ಅದೇನು, ಕಾಗದ ಒಲೆಗೆ ಹಾಕ್ತಿದ್ದೀಯ? ಅಮ್ಮನ ಅಕ್ಷರ ಅದು! ಕೊಡಿಲ್ಲಿ!"

ಪ್ರತಿ ಮಾತಿಗೂ ಒಂದೇ ಪ್ರಶ್ನೆ ಹಾಕಿ: ಇದನ್ನು ಅವನು ಅಕ್ಕನಿಗೆ ಹೇಳುತ್ತಿದ್ದಾನೋ, ಕೇಳುಗನಿಗೋ? ಮಳೆಯ ಮಾತು ಕೇಳುಗನಿಗೆ. ಅಂಗಿಯಿಂದ ನೀರು ಇಳಿಯುವುದು ಕಂಡರೆ ಆ ಸಾಲು ಬೇಡ. ಒಲೆಯ ಮಾತೂ ಬೇಡ. ಅಕ್ಕ ಕಾಗದವನ್ನು ಬೆಂಕಿಗೆ ಒಡ್ಡುತ್ತಾಳೆ, ಅವನು ನುಗ್ಗಿ ಕಿತ್ತುಕೊಳ್ಳುತ್ತಾನೆ, ಅಂಚು ಸುಟ್ಟಿದೆ.

ಮಣೆಯ ಸಾಲು ಮಾತ್ರ ಸುಲಭದ್ದಲ್ಲ. ಅದರಲ್ಲಿ ಮಾಹಿತಿಯ ಜೊತೆಗೆ ದುಃಖವೂ ಇದೆ. ಸುಮ್ಮನೆ ಹೊಡೆದುಹಾಕಿದರೆ ದುಃಖವೂ ಹೋಗುತ್ತದೆ, ಮಣೆಯನ್ನು ಹತ್ತಿರದಿಂದ ತೋರಿಸಿದರೂ ಅದು ಬರೀ ಮರದ ತುಂಡು. ಅವನು ಮಣೆಯ ಮೇಲೆ ಕೂರಲು ಬಾಗಿ, ತಡೆದು, ಪಕ್ಕದ ನೆಲದ ಮೇಲೆ ಕೂರಲಿ. ಅಕ್ಕ ಅದನ್ನು ನೋಡಲಿ. ಆಗ ಮಣೆ ಯಾರದೆಂದು ಬಾಯಲ್ಲಿ ಹೇಳಬೇಕಿಲ್ಲ. ಕೊನೆಗೆ ಉಳಿಯುವುದು ಎರಡೇ ಮಾತು: "ಅಮ್ಮನ ಅಕ್ಷರ ಅದು!" ಮತ್ತು "ಕೊಡಿಲ್ಲಿ!" ಅಕ್ಷರ ಯಾರದೆಂಬುದನ್ನು ಯಾವ ಚಿತ್ರವೂ ತಾನಾಗಿ ಹೇಳಲಾರದು.

ವಿವರಣೆ ಕತ್ತರಿಸಿದ ಕಡೆಯಲ್ಲೆಲ್ಲ ಕ್ಯಾಮೆರಾ ತೋರಿಸಬೇಕೆಂದೂ ಇಲ್ಲ. ಅಮೆರಿಕದ ಲುಸಿಲ್ ಫ್ಲೆಚರ್ 1943ರಲ್ಲಿ ರೇಡಿಯೊಗೆ ಬರೆದ 'ಸಾರಿ, ರಾಂಗ್ ನಂಬರ್' ಅರ್ಧ ಗಂಟೆಯ ಕಾರ್ಯಕ್ರಮ. ಹಾಸಿಗೆ ಹಿಡಿದ ಹೆಂಗಸು ಫೋನಿನಲ್ಲಿ ಒಂದು ಕೊಲೆಯ ಸಂಚನ್ನು ಕೇಳಿಸಿಕೊಳ್ಳುತ್ತಾಳೆ. ಕೊನೆಯಲ್ಲಿ ಕೆಳಗಿನ ಮನೆಯಲ್ಲಿ ಯಾರೋ ಇದ್ದಾರೆಂದು ಅವಳೇ ಹೇಳಬೇಕು. ಅವಳಿಗೆ ತಿಳಿದಷ್ಟೇ ನಮಗೂ. 1948ರ ಚಲನಚಿತ್ರಕ್ಕೂ ಚಿತ್ರಕಥೆ ಫ್ಲೆಚರ್ ಅವರದೇ. ಅಲ್ಲಿ ಮೆಟ್ಟಿಲೇರುವ ಮನುಷ್ಯನ ನೆರಳು ಕಾಣುತ್ತದೆ, ಮುಖವನ್ನು ಕತ್ತಲಿಗೇ ಬಿಟ್ಟಿದ್ದಾರೆ. ನನ್ನ ಮಟ್ಟಿಗೆ ಸಿನಿಮಾದ ಅತ್ಯಂತ ಜಾಣ ನಿರ್ಧಾರ ಅದು. ಆದರೆ ಹಿಂದಿನ ಕಥೆಯ ದೃಶ್ಯಗಳನ್ನು ಸೇರಿಸುತ್ತ ಅವಧಿ ಒಂದೂವರೆ ಗಂಟೆಗೆ ಬೆಳೆಯಿತು, ಒಂದೇ ಕೋಣೆಯ ಬಿಗಿ ಅಷ್ಟರಮಟ್ಟಿಗೆ ಸಡಿಲಾಯಿತು.

ನಿಮ್ಮ ವಿಡಿಯೊದಲ್ಲಿ ಕತ್ತರಿ ಸರಿಯಾಗಿ ಆಡಿದೆಯೇ ಎಂದು ತಿಳಿಯಲು ಧ್ವನಿ ಮುಚ್ಚಿ ನೋಡಿ. ಯಾರು ಏನು ಮಾಡಿದರೆಂಬುದು ಅರ್ಥವಾಗಬೇಕು. ಆಮೇಲೆ ಕಣ್ಣು ಮುಚ್ಚಿ ಕೇಳಿ. ಮಾತಿನಲ್ಲೇ ಇಡೀ ಕಥೆ ತಿಳಿದುಬಿಟ್ಟರೆ ಕತ್ತರಿಸುವುದು ಇನ್ನೂ ಬಾಕಿ ಇದೆ.